ಸೋಫಾ ಕೊಂಡವರೇ, ಟ್ಯಾಬ್ಲೆಟ್ ಮೇಲೆ ಸಹಿ ಹಾಕುವ ಮುನ್ನ ಮೇಲಕ್ಕೆ ಸರಿಸಿ ಓದಿ

ಮೊದಲೇ ಹೇಳಿಬಿಡುತ್ತೇನೆ, ಹಣ ವಾಪಸ್ ಬಂದಿದೆ. 749 ಪೌಂಡ್, ಒಂದು ಪೆನ್ನಿಯೂ ಕಡಿಮೆಯಿಲ್ಲ. ಆದರೂ ಇದನ್ನು ಬರೆಯುತ್ತಿರುವಾಗ ಮೈ ಉರಿಯುತ್ತಿದೆ. ಅಂಗಡಿಯವರ ಮೇಲೆ ಅರ್ಧ, ನನ್ನ ಮೇಲೇ ಅರ್ಧ.

ನಾನು ಲೀಡ್ಸ್ ನಗರದಲ್ಲಿ ಎಂಜಿನಿಯರ್. ಇಂಗ್ಲೆಂಡಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಖಾಲಿ ಮನೆ ಬಾಡಿಗೆಗೆ ಹಿಡಿದು, ಇಲ್ಲಿ ನಾನು ಕೊಂಡ ಮೊದಲ ದೊಡ್ಡ ವಸ್ತು ಈ ಸೋಫಾ. ಅಂಗಡಿಯ ಹೆಸರು ಬರೆಯುವುದಿಲ್ಲ. ಹಣ ಕೊಟ್ಟದ್ದು ಡೆಬಿಟ್ ಕಾರ್ಡಿನಲ್ಲಿ, ಏಕೆಂದರೆ ಹೊಸಬನಿಗೆ ಯಾವ ಬ್ಯಾಂಕೂ ಕ್ರೆಡಿಟ್ ಕಾರ್ಡ್ ಕೊಟ್ಟಿರಲಿಲ್ಲ. ಇದು ಮುಂದೆ ಕುತ್ತಿಗೆಗೆ ಬಂತು.

ಅಕ್ಟೋಬರ್ 5ರಂದು ಸೋಫಾ ಬಂತು. 16ರ ರಾತ್ರಿ ಊಟದ ತಟ್ಟೆ ಹಿಡಿದು ಎಡಬದಿಗೆ ಕುಳಿತೆ, ಕೆಳಗಿನಿಂದ ಒಣಕಟ್ಟಿಗೆ ಮುರಿದಂತೆ ಸದ್ದಾಯಿತು, ತಟ್ಟೆಯೊಂದಿಗೆ ನಾನೂ ಕೆಳಗಿಳಿದೆ. ಮರುಕ್ಷಣವೇ ಅಂಗಡಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬಾಕೆ ಸಿಕ್ಕಳು. "ಯಾರನ್ನಾದರೂ ಕಳುಹಿಸಿ ಸರಿ ಮಾಡಿಸಿ" ಎಂದೆ. ಆಕೆ ಬಹಳ ಸೌಜನ್ಯದಿಂದ, ಚಿಂತೆ ಬೇಡ ಎಂದಳು. ಮೊಬೈಲಿಗೆ ಒಂದು ಸಂದೇಶವೂ ಬಂತು: ದೂರಿನ ಸಂಖ್ಯೆ, ದಿನಾಂಕ, "ದುರಸ್ತಿ ಕೋರಿಕೆ ದಾಖಲಾಗಿದೆ". ಅದನ್ನು ಅಳಿಸದೆ ಇದ್ದದ್ದು ನನ್ನ ಜಾಣತನವಲ್ಲ, ಸೋಮಾರಿತನ.

ಅಕ್ಟೋಬರ್ 30ಕ್ಕೆ ತಂತ್ರಜ್ಞ ಬಂದ. ಸೋಫಾದ ಮೇಲೆ ಮೂರು ಸಲ ಕುಳಿತೆದ್ದ. ಮೇಲಿನಿಂದ ನಾಲ್ಕು ಫೋಟೊ ತೆಗೆದ. ಮಗುಚಿ ನೋಡಲಿಲ್ಲ, ಬಗ್ಗಿ ಕೂಡ ನೋಡಲಿಲ್ಲ. ಚಹಾ ಕುಡಿದ (ನಾನೇ ಮಾಡಿಕೊಟ್ಟೆ, ಶುಂಠಿ ಹಾಕಿ). ಹೊರಡುವಾಗ ಟ್ಯಾಬ್ಲೆಟ್ ಮುಂದೆ ಹಿಡಿದು, "ನಾನು ಬಂದು ಹೋದದ್ದಕ್ಕೆ ಒಂದು ಸಹಿ ಅಷ್ಟೇ" ಎಂದ. ಪರದೆಯಲ್ಲಿ ಕಾಣುತ್ತಿದ್ದದ್ದು ಸಹಿಯ ಚೌಕ ಮಾತ್ರ. ಮೇಲಿನದೆಲ್ಲ ಸರಿದು ಹೋಗಿತ್ತು. ಬೆರಳಲ್ಲಿ ಗೀಚಿಬಿಟ್ಟೆ. ಕೆಲಸದಲ್ಲಿ ಬೇರೆಯವರ ನಕ್ಷೆಯನ್ನು ಸಾಲುಸಾಲು ಓದದೆ ಸಹಿ ಹಾಕದವನು, ನನ್ನದೇ ಮನೆಯಲ್ಲಿ, ನನ್ನದೇ ದುಡ್ಡಿನ ವಿಷಯಕ್ಕೆ, ಬೆರಳಲ್ಲಿ ಗೀಚಿಬಿಟ್ಟೆ.

ನವೆಂಬರ್ 8ಕ್ಕೆ ವರದಿ ಬಂತು. "ಚೌಕಟ್ಟನ್ನು ಪರಿಶೀಲಿಸಲಾಗಿದೆ, ಗಟ್ಟಿಯಾಗಿದೆ. ಫೋಮ್ ಸಹಜವಾಗಿ ಕುಳಿತಿದೆ. ಉತ್ಪಾದನಾ ದೋಷವಿಲ್ಲ."

ಚೌಕಟ್ಟನ್ನು ಪರಿಶೀಲಿಸಲಾಗಿದೆ! ಯಾವಾಗ? ಶುಂಠಿ ಚಹಾ ಕುಡಿಯುವಾಗಲೇ?

ಆ ರಾತ್ರಿ ನಾನು ಬರೆದ ಮೇಲ್ ಅನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ಕಳ್ಳರು ಎಂಬ ಪದ ಮೂರು ಕಡೆ ಇದೆ. ದಿನಾಂಕ ಒಂದೂ ಇಲ್ಲ. ನನಗೇನು ಬೇಕು ಎಂಬುದೂ ಇಲ್ಲ. ಮೂರು ದಿನದ ನಂತರ ಉತ್ತರ ಬಂತು: "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಸದ್ಭಾವನೆಯ ದ್ಯೋತಕವಾಗಿ 60 ಪೌಂಡಿನ ವೋಚರ್ ನೀಡುತ್ತಿದ್ದೇವೆ." ಕೊನೆಯಲ್ಲಿ ಸಣ್ಣಗೆ, ವೋಚರ್ ಸ್ವೀಕರಿಸಿದರೆ ಈ ದೂರು ಪೂರ್ಣವಾಗಿ ಇತ್ಯರ್ಥವಾದಂತೆ ಎಂದಿತ್ತು. ಮುರಿದ ಸೋಫಾಕ್ಕೆ ಪರಿಹಾರವೆಂದರೆ ಅದೇ ಅಂಗಡಿಯಲ್ಲಿ ಎರಡು ದಿಂಬು ಕೊಳ್ಳುವ ಭಾಗ್ಯ.

ಕಚೇರಿಯಲ್ಲಿ ಹಾಸನದ ಕಡೆಯ ಹಿರಿಯರೊಬ್ಬರಿದ್ದಾರೆ, ನಾನು ಅಕ್ಕ ಎಂದೇ ಕರೆಯುತ್ತೇನೆ. ಮಧ್ಯಾಹ್ನ ಅವರಿಗೆ ನನ್ನ ಮೇಲ್ ತೋರಿಸಿದೆ. ಓದಿ, ಮೊಬೈಲ್ ವಾಪಸ್ ಕೊಟ್ಟು, "ಸೇತುವೆಯಲ್ಲಿ ಬಿರುಕು ಕಂಡರೆ ವರದಿಯನ್ನು ಹೀಗೇ ಬರೆಯುತ್ತೀಯೇನಪ್ಪ?" ಎಂದರು. ಅಷ್ಟೇ. ಉಪದೇಶವನ್ನೂ ಮಾಡಲಿಲ್ಲ.

ಅಂದು ಸಂಜೆ ಸೋಫಾವನ್ನು ನಾನೇ ಮಗುಚಿದೆ. ತಳದ ಕಪ್ಪು ಬಟ್ಟೆ ಒಂದು ಮೂಲೆಯಲ್ಲಿ ತಾನಾಗಿಯೇ ಪಿನ್ನು ಬಿಟ್ಟಿತ್ತು. ಬಟ್ಟೆ ಕತ್ತರಿಸಲಿಲ್ಲ. ಕತ್ತರಿಸಿದ್ದರೆ ನೀವೇ ಹಾಳು ಮಾಡಿದಿರಿ ಎನ್ನುತ್ತಿದ್ದರು. ಆ ಸಂದಿಯಲ್ಲೇ ಟಾರ್ಚ್ ಹಾಕಿದ ಮೊಬೈಲ್ ತೂರಿಸಿದೆ. ಮುಂಭಾಗದ ಪಟ್ಟಿಯ ಮರ ಉದ್ದಕ್ಕೆ ಸೀಳಿತ್ತು. ಅಂಕುಡೊಂಕು ಸ್ಪ್ರಿಂಗಿನ ಒಂದು ಕೊಂಡಿ ತಿರುಪುಮೊಳೆಯ ಸಮೇತ ಕಿತ್ತು ಬಂದು ನೇತಾಡುತ್ತಿತ್ತು, ಹಲ್ಲು ಕಿತ್ತ ವಸಡಿನಂತೆ ಎರಡು ತೂತು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದೆ. ಮತ್ತೆ ನೆಟ್ಟಗೆ ನಿಲ್ಲಿಸಿ, ಸೋಫಾದ ಎರಡು ಕೈಗಳ ನಡುವೆ ದಾರ ಬಿಗಿದು ತಗ್ಗನ್ನು ಅಳೆದೆ: ಬಲಬದಿ 11 ಮಿಲಿಮೀಟರ್, ಎಡಬದಿ 38.

ನವೆಂಬರ್ 12ರ ಮೇಲ್ ಒಂಬತ್ತು ಸಾಲು. ಯಾವತ್ತು ಬಂತು, ಯಾವತ್ತು ಮುರಿಯಿತು, ಯಾವತ್ತು ತಿಳಿಸಿದೆ, ಫೋಟೊ ಏನು ತೋರಿಸುತ್ತದೆ. ಕೊನೆಗೆ, "26ರೊಳಗೆ ದುರಸ್ತಿ ಮಾಡಿ. ಆಗದಿದ್ದರೆ ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್ 2015ರ ಪ್ರಕಾರ ಸೋಫಾವನ್ನು ತಿರಸ್ಕರಿಸಿ ಪೂರ್ಣ ಹಣ ಕೇಳುತ್ತೇನೆ." ಬೈಗುಳವಿಲ್ಲ, ಆಶ್ಚರ್ಯಸೂಚಕ ಚಿಹ್ನೆಯೂ ಇಲ್ಲ. ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

ಉತ್ತರ: "ಅಕ್ಟೋಬರ್ 16ರ ಕರೆಯ ದಾಖಲೆ ನಮ್ಮಲ್ಲಿಲ್ಲ. ನಿಮ್ಮ ಮೊದಲ ದೂರು ನವೆಂಬರ್ 8ರದು." ಹಾಗಾದರೆ ಅಕ್ಟೋಬರ್ 30ಕ್ಕೆ ತಂತ್ರಜ್ಞ ಬಂದದ್ದು ಕನಸು ಬಿದ್ದೇ? ಹಾಗೆಂದು ಬರೆಯಲಿಲ್ಲ. ಅವರದೇ ಸಂದೇಶದ ಚಿತ್ರವನ್ನು ಲಗತ್ತಿಸಿ, "ದಾಖಲೆ ಲಗತ್ತಿಸಿದೆ" ಎಂದೆ.

ನವೆಂಬರ್ 22ರ ಉತ್ತರದಲ್ಲಿ ನಾನು ಮೋಸಹೋದದ್ದು ಬಯಲಾಯಿತು. "ಭೇಟಿಯ ದಿನ ನೀವು ಸಹಿ ಮಾಡಿದ ನಮೂನೆಯ ಪ್ರಕಾರ ಪರಿಶೀಲನೆಗೂ ದುರಸ್ತಿಗೂ ಒಪ್ಪಿದ್ದೀರಿ. ಆದ್ದರಿಂದ ಹಣ ಹಿಂತಿರುಗಿಸುವ ಪ್ರಶ್ನೆ ಬರುವುದಿಲ್ಲ. ಅಲ್ಲದೆ, ವಸ್ತು ಕೈಸೇರಿದ ಮೇಲೆ ದೋಷಕ್ಕಾಗಿ ತಿರಸ್ಕರಿಸಿ ಪೂರ್ಣ ಹಣ ಕೇಳುವ 30 ದಿನಗಳ ಅವಧಿ ಮುಗಿದಿದೆ. ಅಂತಿಮ ಸದ್ಭಾವನೆಯಾಗಿ 150 ಪೌಂಡ್." ಜೊತೆಗೆ ಆ ನಮೂನೆ. ಕೆಳಗೆ ನನ್ನ ಗೀಚು, ಕೋಳಿ ಕೆದರಿದಂತೆ. ಹತ್ತು ನಿಮಿಷ ಅದನ್ನೇ ನೋಡುತ್ತ ಕುಳಿತೆ. 150 ತೆಗೆದುಕೊಂಡು ಸುಮ್ಮನಾಗೋಣ ಎನಿಸಿತು. ನಿಜವಾಗಿಯೂ ಎನಿಸಿತು.

ಬ್ಯಾಂಕಿಗೆ ಕೇಳಿದೆ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ 1974ರ ಸಾಲ ಕಾಯ್ದೆಯ 75ನೇ ಕಲಮಿನಡಿ ಕಾರ್ಡ್ ಕೊಟ್ಟವರೂ ಅಂಗಡಿಯಷ್ಟೇ ಹೊಣೆಗಾರರು, ವಸ್ತುವಿನ ಬೆಲೆ 100 ಪೌಂಡಿಗಿಂತ ಹೆಚ್ಚು, 30,000 ಮೀರದಿದ್ದರೆ ಸಾಕು. ಡೆಬಿಟ್ ಕಾರ್ಡಿಗೆ ಆ ಕಲಮು ಇಲ್ಲ. ಬ್ಯಾಂಕಿನ ಮೂಲಕ ಅಂಗಡಿಯಿಂದ ಹಣ ಹಿಂದಕ್ಕೆ ತರಿಸುವ ಚಾರ್ಜ್‌ಬ್ಯಾಕ್ ಕೋರಬಹುದು, ಆದರೆ ಅದು ಕಾರ್ಡ್ ಸಂಸ್ಥೆಗಳ ನಿಯಮ, ಕಾನೂನಿನ ಹಕ್ಕಲ್ಲ.

ಆಮೇಲೆ ನಾನು ಮೇಲ್‌ನಲ್ಲಿ ಹೆಸರಿಸಿದ್ದ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯನ್ನೇ ತೆರೆದು ಓದಿದೆ. ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿಯೇ ಇದೆ. 22ನೇ ಕಲಮಿಗೆ ಬಂದಾಗ ಕುರ್ಚಿಯಿಂದ ಎದ್ದುಬಿಟ್ಟೆ. ಗ್ರಾಹಕ ದುರಸ್ತಿ ಕೇಳಿದರೆ, ಅಥವಾ ದುರಸ್ತಿಗೆ ಒಪ್ಪಿದರೆ, ಆ ದಿನದಿಂದ ದುರಸ್ತಿ ಮಾಡಿದ ವಸ್ತು ಕೈಗೆ ಬರುವವರೆಗೆ 30 ದಿನಗಳ ಎಣಿಕೆ ನಿಲ್ಲುತ್ತದೆ! ಅಂದರೆ ನನ್ನನ್ನು ಕಟ್ಟಿಹಾಕಲು ಅವರು ತೋರಿಸಿದ ಸಹಿಯೇ ಅವರ ಗಡಿಯಾರವನ್ನು ನಿಲ್ಲಿಸಿತ್ತು. ಅದಕ್ಕೂ ಮೊದಲೇ, ಹನ್ನೊಂದನೆಯ ದಿನ, "ದುರಸ್ತಿ ಕೋರಿಕೆ ದಾಖಲಾಗಿದೆ" ಎಂಬ ಅವರದೇ ಸಂದೇಶ ನಿಲ್ಲಿಸಿತ್ತು. ಇನ್ನೂ ಇಪ್ಪತ್ತು ದಿನ ಬಾಕಿ.

ಇಲ್ಲಿ ಒಂದು ಕೊಕ್ಕೆಯೂ ಇದೆ, ಮುಚ್ಚಿಡುವುದಿಲ್ಲ. ದುರಸ್ತಿಗೆ ಒಪ್ಪಿದ ಮೇಲೆ ಅವರಿಗೆ ನ್ಯಾಯವಾದಷ್ಟು ಸಮಯ ಕೊಡಲೇಬೇಕು. ಮಧ್ಯೆಯೇ ಸೋಫಾ ಬೇಡ ಎಂದರೆ ನಡೆಯದು. ನಾನು 26ರವರೆಗೆ ಗಡುವು ಕೊಟ್ಟದ್ದು ಆದ್ದರಿಂದಲೇ ಕೆಲಸಕ್ಕೆ ಬಂತು. ಇನ್ನು 30 ದಿನ ನಿಜಕ್ಕೂ ಮುಗಿದಿದ್ದರೂ ದಾರಿಯಿತ್ತು: ನ್ಯಾಯವಾದ ಸಮಯದಲ್ಲಿ ದುರಸ್ತಿಯಾಗದಿದ್ದರೆ 24ನೇ ಕಲಮಿನಡಿ ಅಂತಿಮವಾಗಿ ತಿರಸ್ಕರಿಸಬಹುದು. ಆರು ತಿಂಗಳೊಳಗಾದರೆ ಬಳಸಿದ್ದಕ್ಕೆಂದು ಸೋಫಾದ ಹಣದಲ್ಲಿ ಕಡಿತ ಮಾಡುವಂತಿಲ್ಲ. ದೋಷ ಮೊದಲು ಇರಲಿಲ್ಲ ಎಂದು ಸಾಬೀತುಪಡಿಸುವ ಹೊರೆಯೂ ಆಗ ಅಂಗಡಿಯದೇ.

ನನ್ನ ಉತ್ತರದ ಮುಖ್ಯ ಭಾಗ ಇಷ್ಟೇ: "ನಾನು ದುರಸ್ತಿಗೆ ಒಪ್ಪಿದ್ದೇನೆ ಎಂದು ನೀವು ದೃಢಪಡಿಸಿದ್ದಕ್ಕೆ ಧನ್ಯವಾದ. ಹಾಗಿದ್ದರೆ 22ನೇ ಕಲಮಿನಂತೆ ಅವಧಿ ನಿಂತಿದೆ. ಒಪ್ಪಿಲ್ಲ ಎನ್ನುವುದಾದರೆ ಅದನ್ನೂ ಬರೆದು ತಿಳಿಸಿ." ಧನ್ಯವಾದ ಎಂಬ ಪದವನ್ನು ನಾನು ಅಷ್ಟು ಖುಷಿಯಿಂದ ಬೇರೆಲ್ಲೂ ಬರೆದಿಲ್ಲ.

26 ಕಳೆಯಿತು, ಯಾರೂ ಬರಲಿಲ್ಲ. 27ಕ್ಕೆ ತಿರಸ್ಕರಿಸುತ್ತಿದ್ದೇನೆ ಎಂದು ಒಂದೇ ಸಾಲು ಬರೆದೆ. ಇದ್ದಕ್ಕಿದ್ದಂತೆ ಧಾಟಿ ಬದಲಾಯಿತು: "ಪೂರ್ಣ ಹಣ ಕೊಡುತ್ತೇವೆ, ಸಾಗಣೆ ವೆಚ್ಚ 75 ಪೌಂಡ್ ಕಳೆದು." ದೋಷವಿರುವ ವಸ್ತುವನ್ನು ಒಯ್ಯುವ ಖರ್ಚು ಅವರದೇ, 20ನೇ ಕಲಮಿನಲ್ಲಿದೆ. ಅದನ್ನು ಹೇಳಿ, ಹದಿನಾಲ್ಕು ದಿನದಲ್ಲಿ ಇತ್ಯರ್ಥವಾಗದಿದ್ದರೆ ಕೌಂಟಿ ಕೋರ್ಟಿನ ಸಣ್ಣ ದಾವೆಗೆ ಹೋಗುತ್ತೇನೆ ಎಂಬ ಪೂರ್ವಸೂಚನೆ ಕಳುಹಿಸಿದೆ. 10,000 ಪೌಂಡ್‌ವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ, ವಕೀಲರಿಲ್ಲದೆಯೂ ನಡೆಸಬಹುದು. ಹಿಂದಿನ ಮೇಲ್‌ಗಳೆಲ್ಲ ಅದೇ ಸರಣಿಯಲ್ಲಿ ಕೆಳಗೇ ಇದ್ದವು. ಓದುವ ನ್ಯಾಯಾಧೀಶರಿಗೆ ಬೇರೇನೂ ಬೇಕಿರಲಿಲ್ಲ. ಅದು ಅವರಿಗೂ ಹೊಳೆದಿರಬೇಕು.

ಡಿಸೆಂಬರ್ 5ಕ್ಕೆ ಒಪ್ಪಿದರು. ಒಪ್ಪಿದ ಮೇಲೆ ಹದಿನಾಲ್ಕು ದಿನದೊಳಗೆ ಕೊಡಬೇಕು. ಹದಿಮೂರನೆಯ ದಿನ ಕೊಟ್ಟರು. ಕ್ಷಮೆ ಕೇಳಲಿಲ್ಲ.

ದಯವಿಟ್ಟು ಫೋನಿನಲ್ಲಿ ಮಾತಾಡಿ ಸುಮ್ಮನಾಗಬೇಡಿ, ಅದೇ ದಿನ "ಈಗ ಮಾತಾಡಿದ್ದು ಇದು" ಎಂದು ಮೇಲ್ ಹಾಕಿ. ವೋಚರ್ ಮುಟ್ಟಬೇಡಿ. ತಂತ್ರಜ್ಞನಿಗೆ ಚಹಾ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು.

ಸೋಫಾ ಒಯ್ಯಲು ಇಬ್ಬರು ಬಂದಿದ್ದರು. ಬಾಗಿಲಲ್ಲಿ ಹಿಡಿಸದೆ ಅಡ್ಡ ತಿರುಗಿಸಿದಾಗ ತಳದ ಬಟ್ಟೆ ಜೋತುಬಿತ್ತು. "ಇದನ್ನು ಯಾರೂ ನೋಡಿರಲಿಲ್ಲವೇ?" ಎಂದು ಒಬ್ಬ ಕೇಳಿದ. ಇನ್ನೊಬ್ಬ ಟ್ಯಾಬ್ಲೆಟ್ ಹಿಡಿದ, ಸಹಿಗೆ. ನಾನು ಪರದೆಯನ್ನು ಮೇಲಕ್ಕೆ ಸರಿಸಿ ಮೊದಲ ಸಾಲಿನಿಂದ ಓದತೊಡಗಿದೆ. ಹೊರಗೆ ಮಳೆ ಹನಿಯುತ್ತಿತ್ತು, ಅವನು ಕಾದ.