ಪ್ರೊಸೆಸರ್ ತಣ್ಣಗಿತ್ತು, ಬೋರ್ಡು ಬೇಯುತ್ತಿತ್ತು

ಕೈಲಿರುವ ಅಗ್ಗದ ಮದರ್‌ಬೋರ್ಡಿಗೇ ಹದಿನಾರು ಕೋರಿನ ಪ್ರೊಸೆಸರ್ ಕೂರಿಸೋಣ ಅಂದುಕೊಂಡಿರುವವರು ದಯವಿಟ್ಟು ಇದನ್ನೊಮ್ಮೆ ಓದಿ. ನಾನು ಯಾರನ್ನೂ ಕೇಳದೆ ಕೂರಿಸಿದೆ. ಆಮೇಲೆ ಮೂರು ವಾರ ಏನೂ ತಪ್ಪು ಮಾಡದ ಕೂಲರನ್ನು ಬಿಚ್ಚುವುದು, ಏನೂ ತಪ್ಪು ಮಾಡದ ಪ್ರೊಸೆಸರಿಗೆ ಹೊಸದಾಗಿ ಪೇಸ್ಟ್ ಹಚ್ಚುವುದು, ಇದೇ ಆಯಿತು. ಕಳ್ಳ ಕೂತಿದ್ದು ಸಾಕೆಟ್ಟಿನಿಂದ ಎರಡು ಬೆರಳು ಆಚೆ.

ಮೊದಲು ಇದ್ದದ್ದು ಆರು ಕೋರಿನ ರೈಜನ್ 5 3600. ಬೋರ್ಡು ಕಂಪನಿಯ ಸಾಲಿನಲ್ಲೇ ತೀರಾ ಕೆಳಗಿನದು, ಆದರೆ ಎರಡು ವರ್ಷದಲ್ಲಿ ಒಂದು ದಿನವೂ ತಕರಾರು ತೆಗೆದಿರಲಿಲ್ಲ. ರೆಂಡರ್ ಕೆಲಸ ಹೆಚ್ಚಾದಾಗ ಅದೇ ಎಎಂ4 ಸಾಕೆಟ್ಟಿಗೆ ಕೂರುವ ರೈಜನ್ 9 5950ಎಕ್ಸ್ ತಂದೆ. ಬೋರ್ಡಿನ ಸಪೋರ್ಟ್ ಪಟ್ಟಿಯಲ್ಲಿ ಅದರ ಹೆಸರಿದೆ ಅಂತ ನೋಡಿಕೊಂಡೇ ತಂದಿದ್ದು. ಈ ಪ್ರೊಸೆಸರಿನ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಹಾಗಾಗಿ ದೊಡ್ಡ ಲಿಕ್ವಿಡ್ ಕೂಲರನ್ನೂ ಹಾಕಿದೆ. ಬಯಾಸ್ ಅಪ್‌ಡೇಟ್ ಮಾಡಿದ ಮೇಲೆ ಒಂದೇ ಸಲಕ್ಕೆ ಆನ್ ಆಯಿತು. ಸಿನಿಬೆಂಚ್ ಒಂದು ಸುತ್ತು ಓಡಿಸಿದರೆ ಅಂಕವೂ ಎಲ್ಲರಿಗೆ ಬರುವಷ್ಟೇ ಬಂತು. ಅವತ್ತು ಖುಷಿಯಾಗಿ ಮಲಗಿದೆ.

ಮಾರನೆಯ ದಿನ ನಿಜವಾದ ರೆಂಡರ್ ಹಾಕಿದೆ. ಹತ್ತು ಹನ್ನೆರಡು ನಿಮಿಷ ಎಲ್ಲ ಕೋರುಗಳೂ 3.8 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಓಡಿದವು. ಆಮೇಲೆ ಇದ್ದಕ್ಕಿದ್ದಂತೆ ಇಡೀ ಮೆಷಿನ್ ಕೆಸರಿಗೆ ಬಿದ್ದ ಎಮ್ಮೆಯ ಹಾಗಾಯಿತು. ಮೌಸ್ ಎಳೆದರೆ ಒಂದು ಕ್ಷಣ ಬಿಟ್ಟು ಕದಲುತ್ತದೆ. ಕೆಲವು ಸೆಕೆಂಡಿಗೆ ತಾನಾಗಿಯೇ ಸರಿಹೋಗುತ್ತದೆ, ಅರ್ಧ ನಿಮಿಷಕ್ಕೆ ಮತ್ತೆ ಅದೇ ಪಾಡು. ಪ್ರೊಸೆಸರ್ ತಾಪ ನೋಡಿದರೆ 64 ಡಿಗ್ರಿ. ಈ ಪ್ರೊಸೆಸರಿಗೆ 64 ಅಂದರೆ ಬೆವರೂ ಬಂದಿಲ್ಲ ಅಂತ ಅರ್ಥ. ಅದಕ್ಕೇ ನಾನು ದಾರಿ ತಪ್ಪಿದ್ದು. ಮೊದಲು ವಿಂಡೋಸ್ ಮೇಲೆ ಅನುಮಾನ, ಆಮೇಲೆ ರ‍್ಯಾಮ್ ಮೇಲೆ, ಆಮೇಲೆ ಸೆನ್ಸರ್ ಸುಳ್ಳು ಹೇಳುತ್ತಿದೆ ಅಂತ ಕೂಲರ್ ಮೇಲೆ.

ಗುಟ್ಟು ಬಿಚ್ಚಿದ್ದು HWiNFO ಎಂಬ ಸಾಫ್ಟ್‌ವೇರ್. ಅದರ ಸೆನ್ಸರ್ ಪಟ್ಟಿಯಲ್ಲಿ ಥ್ರಾಟಲಿಂಗಿಗೆ ಬೇರೆ ಬೇರೆ ಸಾಲುಗಳಿವೆ. ಪ್ರೊಸೆಸರ್ ತಾನೇ ಬಿಸಿಯಾಗಿ ನಿಧಾನವಾದರೆ `PROCHOT CPU` ಸಾಲು ‘ಯೆಸ್’ ಆಗುತ್ತದೆ. ನನ್ನಲ್ಲಿ ಆಗಿದ್ದು ಅದಲ್ಲ, `PROCHOT EXT`. ಅಂದರೆ ಹೊರಗಿನಿಂದ ಯಾರೋ ಪ್ರೊಸೆಸರಿನ ಕತ್ತು ಹಿಸುಕಿ ‘ನಿಲ್ಲು’ ಅಂತಿದ್ದಾರೆ. ಆ ಹೊತ್ತಿಗೆ ಕೋರುಗಳ ವೇಗ 0.55 ಗಿಗಾಹರ್ಟ್ಸ್. ನಿಮ್ಮ ಮೆಷಿನ್ನಿನಲ್ಲೂ ಪ್ರೊಸೆಸರ್ ತಣ್ಣಗಿದ್ದು ವೇಗ ಹೀಗೆ ಪಾತಾಳಕ್ಕೆ ಇಳಿದು ಮತ್ತೆ ಏರುತ್ತಿದ್ದರೆ, ಪೇಸ್ಟ್ ಡಬ್ಬಿ ಮುಟ್ಟುವ ಮೊದಲು ಈ ಸಾಲು ನೋಡಿ.

ಆ ‘ಯಾರೋ’ ಅಂದರೆ ಬೋರ್ಡಿನ ವಿಆರ್‌ಎಂ. ಪವರ್ ಸಪ್ಲೈ ಕೊಡುವುದು 12 ವೋಲ್ಟ್, ಪ್ರೊಸೆಸರಿನ ಕೋರುಗಳಿಗೆ ಬೇಕಾದದ್ದು ಸುಮಾರು 1.2 ವೋಲ್ಟ್. ಇಳಿಸುವ ಕೆಲಸ ಸಾಕೆಟ್ಟಿನ ಪಕ್ಕದ ಮಾಸ್‌ಫೆಟ್ಟುಗಳದು ಮತ್ತು ಚೋಕ್ ಎಂಬ ಬೂದು ಚೌಕದ ಸುರುಳಿಗಳದು. ಮೇಲಿನ ಮಾಸ್‌ಫೆಟ್ ಹತ್ತರಲ್ಲಿ ಒಂದು ಪಾಲು ಹೊತ್ತು 12 ವೋಲ್ಟನ್ನು ಒಳಗೆ ಬಿಡುತ್ತದೆ, ಉಳಿದ ಒಂಬತ್ತು ಪಾಲು ಹೊತ್ತು ಕೆಳಗಿನದು ಕರೆಂಟನ್ನು ಹೊರುತ್ತದೆ. ಸೆಕೆಂಡಿಗೆ ಲಕ್ಷಾಂತರ ಸಲ ಇದೇ ಆಟ. ಇಂಥ ಒಂದು ಜೋಡಿ ಮತ್ತು ಅದರ ಚೋಕ್ ಸೇರಿದರೆ ಒಂದು ಫೇಸ್. ನನ್ನ ಬೋರ್ಡಿನಲ್ಲಿ ಕೋರುಗಳಿಗೆ ಇದ್ದದ್ದು ನಾಲ್ಕೇ ಫೇಸ್.

ಈಗ ಲೆಕ್ಕ ನೋಡಿ. 5950ಎಕ್ಸ್ ಮೇಲೆ 105 ವ್ಯಾಟ್ ಅಂತ ಬರೆದಿದ್ದರೂ ಸಾಕೆಟ್ಟಿನಿಂದ 142 ವ್ಯಾಟ್‌ವರೆಗೆ ಎಳೆಯಲು ಅದಕ್ಕೆ ಅನುಮತಿ ಇದೆ. ನಿರಂತರ ಕರೆಂಟಿನ ಮಿತಿ 95 ಆಂಪಿಯರ್. ನನ್ನ ಹಳೆ 3600ಗೆ ಆ ಮಿತಿ 60 ಆಂಪಿಯರ್. 60ರಿಂದ 95 ಅಂದರೆ ಒಂದೂವರೆ ಪಟ್ಟಿಗಿಂತ ಚೂರು ಜಾಸ್ತಿ, ಬೋರ್ಡು ತಡೆದುಕೊಳ್ಳುತ್ತದೆ ಬಿಡು ಅನ್ನಿಸುತ್ತದೆ, ಅಲ್ಲವೇ? ಆದರೆ ಮಾಸ್‌ಫೆಟ್ಟಿನ ರೋಧದಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಾಲ್ಕು ಫೇಸಿಗೆ ಹಂಚಿದರೆ ಮೊದಲು ಒಂದೊಂದಕ್ಕೆ 15 ಆಂಪಿಯರ್, ಈಗ ಹತ್ತಿರ ಹತ್ತಿರ 24. 15ರ ವರ್ಗ 225, 24ರ ವರ್ಗ 576. ಎರಡೂವರೆ ಪಟ್ಟು. ಸಾಲದ್ದಕ್ಕೆ ಮಾಸ್‌ಫೆಟ್ ಬಿಸಿಯಾದಷ್ಟೂ ಅದರ ರೋಧವೂ ಏರುತ್ತದೆ, ರೋಧ ಏರಿದರೆ ಮತ್ತಷ್ಟು ಬಿಸಿ. ಮೊದಲ ಹತ್ತು ನಿಮಿಷ ಸುಮ್ಮನಿದ್ದು ಆಮೇಲೆ ಕೈಕೊಟ್ಟಿದ್ದು ಇದರಿಂದಲೇ. ಬೋರ್ಡಿನ ತಾಮ್ರ ಮತ್ತು ಹೀಟ್‌ಸಿಂಕ್ ಕಾಯುವವರೆಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಒಂದು ಸುತ್ತು ಸಿನಿಬೆಂಚ್ ಓಡಿಸಿ ‘ನಡೀತಿದೆ’ ಅನ್ನುವವರ ಮಾತಿಗೆ ನಾನೀಗ ಕಿವಿಗೊಡುವುದಿಲ್ಲ. ಕನಿಷ್ಠ ಅರ್ಧ ಗಂಟೆ ಓಡಿಸಿ ಹೇಳಲಿ.

95 ಆಂಪಿಯರನ್ನು 1.2 ವೋಲ್ಟಿನಲ್ಲಿ ಕೊಟ್ಟರೆ 114 ವ್ಯಾಟ್. ಇಂಥ ಅಗ್ಗದ ವಿಆರ್‌ಎಂ ಈ ಹೊರೆಯಲ್ಲಿ 85 ಶೇಕಡಾ ದಕ್ಷತೆಯಿಂದ ಕೆಲಸ ಮಾಡಿತು ಅಂತಿಟ್ಟುಕೊಂಡರೂ 20 ವ್ಯಾಟ್ ಅಲ್ಲೇ ಶಾಖವಾಗುತ್ತದೆ. ಬೆಸುಗೆ ಹಾಕುವ ಸಣ್ಣ ಐರನ್ 25 ವ್ಯಾಟಿನದು. ಹೆಚ್ಚುಕಮ್ಮಿ ಅಷ್ಟನ್ನು ನಾನು ಬೋರ್ಡಿನ ಒಂದು ಮೂಲೆಯಲ್ಲಿ ಗಂಟೆಗಟ್ಟಲೆ ಉರಿಸುತ್ತಿದ್ದೆ.

ಬೋರ್ಡಿನಲ್ಲಿ ವಿಆರ್‌ಎಂ ತಾಪದ ಸೆನ್ಸರ್ ಓದಲು ಸಿಗುತ್ತಿರಲಿಲ್ಲ. ಇನ್‌ಫ್ರಾರೆಡ್ ಗನ್ ಹಿಡಿದರೆ ಹೀಟ್‌ಸಿಂಕ್ 48 ಡಿಗ್ರಿ ಅಂತ ತೋರಿಸಿತು. ಅದನ್ನು ನಂಬಿ ಇನ್ನೆರಡು ದಿನ ಕಳೆದೆ. ಹೊಳೆಯುವ ಲೋಹದ ಮೇಲೆ ಆ ಗನ್ ಸರಿಯಾಗಿ ಓದುವುದೇ ಇಲ್ಲ, ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು. ಅದಕ್ಕಿಂತ ವಾಸಿ ಅಂದರೆ ಬೋರ್ಡಿನ ಬೆನ್ನಿನ ಕಡೆ, ಮಾಸ್‌ಫೆಟ್ಟುಗಳ ನೇರಕ್ಕೆ ಅಳೆಯುವುದು. ಶಾಖ ತಾಮ್ರದ ಪದರಗಳ ಮೂಲಕ ಅಲ್ಲಿಗೆ ಇಳಿದಿರುತ್ತದೆ. ಮಲ್ಟಿಮೀಟರಿನ ಜೊತೆ ಬಂದಿದ್ದ ತಾಪ ಅಳೆಯುವ ತಂತಿಯನ್ನು ಅಲ್ಲಿ ಶಾಖ ತಡೆಯುವ ಟೇಪಿನಿಂದ ಅಂಟಿಸಿ ರೆಂಡರ್ ಶುರು ಮಾಡಿದೆ. ಹನ್ನೆರಡನೇ ನಿಮಿಷಕ್ಕೆ 109. ಬೆನ್ನಿನಲ್ಲೇ ಅಷ್ಟಿದ್ದರೆ ಚಿಪ್ಪಿನೊಳಗೆ ಇನ್ನೂ ಹೆಚ್ಚು.

ಆಮೇಲೆ ಹೀಟ್‌ಸಿಂಕ್ ಬಿಚ್ಚಿದೆ. ಸ್ಕ್ರೂ ಇಲ್ಲ, ಎರಡು ಪ್ಲಾಸ್ಟಿಕ್ ಪಿನ್, ಸ್ಪ್ರಿಂಗಿನ ಬಿಗಿಯಲ್ಲಿ ನಿಂತಿತ್ತು. ಕೈಗೆ ತಗೊಂಡರೆ ಬೆಂಕಿಪೊಟ್ಟಣದಷ್ಟು ಹಗುರ. ರೆಕ್ಕೆಗಳಿಲ್ಲ, ಮೇಲೆ ಎರಡು ಗೀರು ಹಾಕಿ ಹೊಳಪು ಕೊಟ್ಟ ಅಲ್ಯೂಮಿನಿಯಂ ತುಂಡು. ಒಳಗಿನ ಥರ್ಮಲ್ ಪ್ಯಾಡ್ ಮೇಲೆ ಮಾಸ್‌ಫೆಟ್ಟುಗಳ ಅಚ್ಚು ಒಂದು ತುದಿಯಲ್ಲಿ ಆಳವಾಗಿ ಒತ್ತಿತ್ತು, ಇನ್ನೊಂದು ತುದಿಯಲ್ಲಿ ನುಣ್ಣಗೆ, ಪ್ಯಾಕೆಟ್ಟಿನಿಂದ ಈಗಷ್ಟೇ ತೆಗೆದಂತೆ. ನಾಲ್ಕರಲ್ಲಿ ಒಂದು ಫೇಸಿಗೆ ಅದು ತಾಗಿಯೇ ಇರಲಿಲ್ಲ. ಎರಡು ವರ್ಷ ನಾನು ನೋಡಿ ಮೆಚ್ಚಿಕೊಂಡಿದ್ದ ‘ಹೀಟ್‌ಸಿಂಕ್’ ಇದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಹೀಟ್‌ಸಿಂಕ್ ಹೀಗಿದ್ದೂ 3600 ಅಷ್ಟು ಸಲೀಸಾಗಿ ಓಡಿದ್ದು ಹೇಗೆ? ಕರೆಂಟ್ ಕಡಿಮೆ ಅನ್ನುವುದು ಅರ್ಧ ಉತ್ತರ. ಉಳಿದರ್ಧ ಅದರ ಡಬ್ಬಿಯಲ್ಲಿ ಬಂದಿದ್ದ ಕೂಲರ್. ಅದರ ಫ್ಯಾನ್ ಗಾಳಿಯನ್ನು ಬೋರ್ಡಿನ ಕಡೆಗೆ ಕೆಳಮುಖವಾಗಿ ಊದುತ್ತದೆ, ಸಾಕೆಟ್ಟಿನ ಸುತ್ತ ಚೆಲ್ಲುವ ಆ ಗಾಳಿಯಲ್ಲಿ ಮಾಸ್‌ಫೆಟ್ಟುಗಳೂ ತಣಿಯುತ್ತವೆ. ನಾನು ಲಿಕ್ವಿಡ್ ಕೂಲರ್ ಹಾಕಿದಾಗ ಪ್ರೊಸೆಸರಿನ ಶಾಖವನ್ನು ಕ್ಯಾಬಿನೆಟ್ಟಿನ ನೆತ್ತಿಗೆ ಸಾಗಿಸಿದೆ, ಜೊತೆಗೆ ಸಾಕೆಟ್ಟಿನ ಸುತ್ತಲಿನ ಗಾಳಿಯನ್ನೂ ಕಿತ್ತುಕೊಂಡೆ. ಅತಿ ಹೆಚ್ಚು ಗಾಳಿ ಬೇಕಾದ ಹೊತ್ತಿಗೆ ವಿಆರ್‌ಎಂ ಸುತ್ತ ಎಲೆಯೂ ಅಲ್ಲಾಡದ ಸ್ಥಿತಿ. ಅಗ್ಗದ ಬೋರ್ಡಿಗೆ ಲಿಕ್ವಿಡ್ ಕೂಲರ್ ಹಾಕುವವರು ಇದನ್ನಂತೂ ಮರೆಯಬೇಡಿ.

ಪರೀಕ್ಷೆಗೆ ಅಂತ 80 ಮಿಲಿಮೀಟರಿನ ಒಂದು ಹಳೆ ಫ್ಯಾನನ್ನು ಜಿಪ್ ಟೈ ಹಾಕಿ ವಿಆರ್‌ಎಂ ಮೇಲೆ ಊದುವಂತೆ ಕಟ್ಟಿದೆ. ಬೆನ್ನಿನ ತಾಪ 109ರಿಂದ 88ಕ್ಕೆ ಇಳಿಯಿತು, `PROCHOT EXT` ಮತ್ತೆ ತಲೆ ಎತ್ತಲಿಲ್ಲ. ಮುಂದಿನ ಹೆಜ್ಜೆ, ಬಯಾಸ್‌ನಲ್ಲಿ `ECO Mode` ಹುಡುಕಿ 65 ವ್ಯಾಟ್ ಆರಿಸಿದೆ. ಆಗ 5950ಎಕ್ಸ್ ಮಿತಿ 88 ವ್ಯಾಟ್, 60 ಆಂಪಿಯರಿಗೆ ಇಳಿಯುತ್ತದೆ, ಥೇಟ್ ನನ್ನ ಹಳೆ 3600ರ ಹೊರೆ. ಎಲ್ಲ ಕೋರುಗಳ ವೇಗ 3.8ರಿಂದ 3.3 ಗಿಗಾಹರ್ಟ್ಸ್‌ಗೆ ಬಂತು, ಅಷ್ಟೆ. ನಿಂತು ನಿಂತು ಓಡುವ 3.8ಕ್ಕಿಂತ ನಿಲ್ಲದೆ ಓಡುವ 3.3ರಲ್ಲಿ ರೆಂಡರ್ ಬೇಗ ಮುಗಿಯಿತು. ಅಗ್ಗದ ಬೋರ್ಡು ಹೆಚ್ಚು ಕೋರಿನ ಪ್ರೊಸೆಸರನ್ನು ಓಡಿಸುತ್ತದೆಯೇ ಅಂದರೆ ನನ್ನ ಉತ್ತರ ಇದು: ಓಡಿಸುತ್ತದೆ, ಕಡಿವಾಣ ಹಾಕಿದರೆ. ಬರೀ ಆಟ ಆಡುವವರಿಗೆ ಈ ತೊಂದರೆ ಕಾಣಿಸದೆಯೂ ಇರಬಹುದು, ಆಟಗಳು ಹದಿನಾರೂ ಕೋರುಗಳನ್ನು ಒಟ್ಟಿಗೆ ಗಂಟೆಗಟ್ಟಲೆ ದುಡಿಸುವುದು ಅಪರೂಪ. ಇಂಟೆಲ್ ಐ9 13900ಕೆ ಥರದ್ದನ್ನು ಹಾಕುವವರಿಗೆ ಮಾತ್ರ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ, ಅದರ ಮೇಲ್ಮಿತಿ 253 ವ್ಯಾಟ್. ನನ್ನ ಕತೆ ನಡೆದದ್ದು 142ರಲ್ಲಿ.

ಕೊನೆಗೆ ಬೋರ್ಡನ್ನೇ ಬದಲಿಸಿದೆ. ಈ ಸಲ ಸಪೋರ್ಟ್ ಪಟ್ಟಿಯನ್ನು ನೋಡಿದ್ದು ಕೊನೆಯಲ್ಲಿ, ಅದು ಹೇಳುವುದು ಪ್ರೊಸೆಸರ್ ಬೂಟ್ ಆಗುತ್ತದೆ ಅಂತ ಮಾತ್ರ. ಮೊದಲು ಹುಡುಕಿದ್ದು ಹೀಟ್‌ಸಿಂಕ್ ತೆಗೆದ ಬೋರ್ಡಿನ ಫೋಟೊ. ಅಗ್ಗದ ವಿನ್ಯಾಸದಲ್ಲಿ ಒಂದೊಂದು ಚೋಕಿನ ಪಕ್ಕ ಎರಡು ಮೂರು ಬಿಡಿ ಮಾಸ್‌ಫೆಟ್ ಕಾಣುತ್ತವೆ. ಪವರ್ ಸ್ಟೇಜ್ ಇದ್ದರೆ ಚೋಕಿಗೊಂದೇ ಚೌಕದ ಚಿಪ್, ಮೇಲಿನದು, ಕೆಳಗಿನದು, ಅವನ್ನು ನಡೆಸುವ ಡ್ರೈವರ್ ಮೂರೂ ಅದರೊಳಗೇ. ಇವು ಅಷ್ಟೇ ಕರೆಂಟಿಗೆ ಕಡಿಮೆ ಶಾಖ ಕಾರುತ್ತವೆ. ಎಂಟು ಚೋಕ್ ಇದ್ದು ಫೇಸುಗಳನ್ನು ಸರದಿಯಲ್ಲಿ ನಡೆಸುವ ಕಂಟ್ರೋಲರ್ ಚಿಪ್ ನಾಲ್ಕೇ ಫೇಸಿನದಾದರೆ ‘ಮೋಸ’ ಅಂತ ಕೆಲವರು ಕೂಗುತ್ತಾರೆ. ಶಾಖದ ಮಟ್ಟಿಗೆ ನನಗದು ದೊಡ್ಡ ದೂರಲ್ಲ, ಕರೆಂಟ್ ಎಂಟು ಕಡೆ ಹಂಚಿಹೋಗುತ್ತಲ್ಲ. ಆದರೆ 50 ಆಂಪಿಯರಿನ ಎಂಟು ಸ್ಟೇಜ್ ಸೇರಿ 400 ಆಂಪಿಯರ್ ಅನ್ನುವ ಗುಣಾಕಾರ ನಂಬಬೇಡಿ, ಆ 50 ಅನ್ನುವುದು ಚಿಪ್ ಚೆನ್ನಾಗಿ ತಣಿಯುತ್ತಿರುವಾಗಿನ ಮಾತು. ಹೀಟ್‌ಸಿಂಕ್ ಹಿಂದಿನಿಂದ ಸ್ಕ್ರೂ ಹಾಕಿ ಬಿಗಿದಿರಲಿ, ತೂಕ ಇರಲಿ, ಗಾಳಿ ನುಸುಳಲು ಸಂದು ಇರಲಿ.

ಹೊಸ ಬೋರ್ಡಿನಲ್ಲಿ ಅದೇ ತಂತಿ, ಅದೇ ರೆಂಡರ್, ಪೂರ್ತಿ 142 ವ್ಯಾಟ್. ಒಂದು ಗಂಟೆಗೆ ಬೆನ್ನಿನಲ್ಲಿ 67 ಡಿಗ್ರಿ. ಹಳೆ ಬೋರ್ಡು 3600 ಜೊತೆ ತಮ್ಮನ ಮೇಜಿಗೆ ಹೋಗಿದೆ, ಡಬ್ಬಿ ಕೂಲರ್ ಮತ್ತೆ ಹತ್ತಿದೆ. ಬೆನ್ನು ತಿರುಗಿಸಿ ನೋಡಿದರೆ ಹೀಟ್‌ಸಿಂಕ್ ತಾಗದಿದ್ದ ಆ ಫೇಸಿನ ಹಿಂದೆ ಹೆಬ್ಬೆಟ್ಟಿನಷ್ಟು ಅಗಲ ಕಂದು ಕಲೆ.