ಮನೆಪಾಠ, ಆಡಿಯೊ ಟೈಪಿಂಗ್, ಸ್ಟಾಕ್ ಫೋಟೊ: ಕೈಗೆ ಹಣ ಬಂದದ್ದು ಯಾವುದರಲ್ಲಿ?

ಕೆಲಸದ ಜೊತೆಗೆ ಇನ್ನೊಂದಿಷ್ಟು ದುಡಿಯಬೇಕಾಗಿ ಬಂದಾಗ ಈ ಮೂರನ್ನೂ ಮಾಡಿ ನೋಡಿದೆ. ದಿನವೂ ಗಂಟೆಗಳ ಲೆಕ್ಕ ಬರೆದಿಟ್ಟೆ. ಹೋಲಿಸಲು ಸುಲಭವಾಗಲಿ ಅಂತ ಒಂದು ಗಂಟೆ ಪಾಠದ ಫೀಸನ್ನು ‘ಒಂದು ಪಾಲು’ ಅಂದುಕೊಳ್ಳಿ.

ಮನೆಪಾಠಕ್ಕೆ ಹಾಕಿದ ಬಂಡವಾಳ ಮೂರು ಪಾಲು. ಒಂದು ಬೋರ್ಡು, ಎರಡು ಪಠ್ಯಪುಸ್ತಕ, ಅಷ್ಟೇ. ಇಬ್ಬರು ಮಕ್ಕಳಿಗೆ ಬೇರೆ ಬೇರೆಯಾಗಿ ವಾರಕ್ಕೆ ಆರು ಗಂಟೆ ಪಾಠ. ಆದರೆ ತಯಾರಿಗೆ ಎರಡು ಗಂಟೆ, ಓಡಾಟಕ್ಕೆ ಮೂರು ಗಂಟೆ ಸೇರಿ ಒಟ್ಟು ಹನ್ನೊಂದಾಗುತ್ತಿತ್ತು. ಅಂದರೆ ಗಂಟೆಗೆ ಅರ್ಧ ಪಾಲಿಗಿಂತ ಸ್ವಲ್ಪ ಜಾಸ್ತಿ. ಮಕ್ಕಳು ಸಿಗಲು 12 ದಿನ ಹಿಡಿಯಿತು, ಫೀಸು ತಿಂಗಳ ಕೊನೆಗೆ. ಹಾಗಾಗಿ ಮೊದಲ ಹಣ ಬಂದದ್ದು 42ನೇ ದಿನ. ಮೊದಲೇ ಮುಂಗಡ ಕೇಳಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಆಡಿಯೊ ಕೇಳಿ ಟೈಪ್ ಮಾಡುವ ಕೆಲಸದಲ್ಲಿ ಎಚ್ಚರ ಜಾಸ್ತಿ ಬೇಕು. ಇಲ್ಲಿ ಹಣ ಕೊಡುವುದು ಆಡಿಯೊದ ಉದ್ದಕ್ಕೆ, ನಾವು ಕೂತ ಗಂಟೆಗಲ್ಲ. ನನಗೆ ಒಂದು ಗಂಟೆಯ ಆಡಿಯೊಗೆ ಮೂರು ಪಾಲು ಸಿಗುತ್ತಿತ್ತು. ಇಬ್ಬರೇ ಮಾತಾಡುವ ಸ್ಪಷ್ಟವಾದ ಸಂದರ್ಶನಕ್ಕೆ ಟೈಪಿಂಗ್ ಐದು ಗಂಟೆ, ಮತ್ತೆ ಕೇಳಿ ತಿದ್ದಲು ಒಂದು ಗಂಟೆ ಬೇಕಾಯಿತು. ಗಂಟೆಗೆ ಅರ್ಧ ಪಾಲು, ಪರವಾಗಿಲ್ಲ. ಆಮೇಲೆ ಐದು ಜನರ ಒಂದು ಸಭೆ ಬಂತು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಿದ್ದರು, ಮೈಕು ದೂರ ಇತ್ತು. ಅದೇ ಹಣಕ್ಕೆ ಒಂಬತ್ತು ಗಂಟೆ ಕೂತೆ!

ಈಗ ಒಪ್ಪಿಕೊಳ್ಳುವ ಮೊದಲು ಆಡಿಯೊದ ನಡುವಿನ ಐದು ನಿಮಿಷ ಟೈಪ್ ಮಾಡಿ, ತಿದ್ದಿ ನೋಡುತ್ತೇನೆ. ಶುರುವಿನ ಐದು ನಿಮಿಷ ಸಾಲದು, ಅಲ್ಲಿ ಎಲ್ಲರೂ ನಿಧಾನವಾಗಿ ಹೆಸರು ಹೇಳುತ್ತಿರುತ್ತಾರೆ. 35 ನಿಮಿಷ ಮೀರಿದರೆ ದರ ಜಾಸ್ತಿ ಕೇಳುತ್ತೇನೆ, ಇಲ್ಲವಾದರೆ ಬೇಡ ಅನ್ನುತ್ತೇನೆ. ಬಂಡವಾಳ ಏಳು ಪಾಲು: ಒಳ್ಳೆ ಹೆಡ್‌ಫೋನು ಮತ್ತು ಕಾಲಿನಿಂದ ಆಡಿಯೊ ನಿಲ್ಲಿಸಿ ಓಡಿಸುವ ಪೆಡಲು. ಜೊತೆಗೆ ಪರೀಕ್ಷೆಗೆ ಅಂತ ಆರು ಗಂಟೆ ಬಿಟ್ಟಿ ಕೆಲಸ. ತಿಂಗಳ ಕೊನೆಗೆ ಬಿಲ್ಲು, ಅದಾಗಿ 30 ದಿನಕ್ಕೆ ಹಣ. 5ನೇ ತಾರೀಕು ಮುಗಿಸಿದ ಕೆಲಸಕ್ಕೂ ಸುಮಾರು 55 ದಿನ ಕಾಯಬೇಕಾಯಿತು.

ಸ್ಟಾಕ್ ಫೋಟೊ ಅಂದರೆ ನಾವು ತೆಗೆದ ಫೋಟೊಗಳನ್ನು ಮಾರುವ ವೆಬ್‌ಸೈಟಿಗೆ ಹಾಕಿ, ಯಾರಾದರೂ ಕೊಂಡಾಗ ಹಣ ಪಡೆಯುವುದು. ಇದಕ್ಕೆ ಕ್ಯಾಮೆರಾ ನನ್ನ ಹತ್ತಿರವೇ ಇತ್ತು, ಖರ್ಚಿರಲಿಲ್ಲ. ಆದರೆ 120 ಫೋಟೊ ತೆಗೆದು ತಿದ್ದಲು 30 ಗಂಟೆ, ಒಂದೊಂದಕ್ಕೂ ಹುಡುಕುಪದ ಬರೆಯಲು ಮತ್ತೆ 10 ಗಂಟೆ ಹೋಯಿತು. ಕೆಲವು ಮಾರಾಟವಾದವು ನಿಜ. ಆದರೆ ಇಂತಿಷ್ಟು ಮೊತ್ತ ಸೇರುವವರೆಗೆ ಹಣ ತೆಗೆಯುವಂತಿಲ್ಲ. ಎಂಟು ತಿಂಗಳಾದರೂ ಆ ಗೆರೆ ದಾಟಿಲ್ಲ.

ಬೇಗ ಹಣ ಬೇಕಿದ್ದವರಿಗೆ ನಾನು ಮನೆಪಾಠವನ್ನೇ ಹೇಳುತ್ತೇನೆ, ಅದೂ ಮುಂಗಡ ಫೀಸಿನ ಮೇಲೆ. ಹೊರಗೆ ಹೋಗಲು ಆಗದವರಿಗೆ ಟೈಪಿಂಗ್ ಸರಿ, ಎರಡು ತಿಂಗಳ ಖರ್ಚಿಗೆ ಬೇರೆ ದಾರಿ ಇದ್ದರೆ ಮಾತ್ರ. ನಾನೀಗ ಇಬ್ಬರು ಮಕ್ಕಳನ್ನೂ ಒಂದೇ ಕಡೆ ಕೂರಿಸಿ ಪಾಠ ಮಾಡುತ್ತಿದ್ದೇನೆ. ಓಡಾಟ ಮೂರು ಗಂಟೆಯಿಂದ ಒಂದಕ್ಕೆ ಇಳಿದಿದೆ.