ಫಿಶರ್ ಆಪರೇಷನ್ ಆದಮೇಲೂ ತಿಣುಕುವುದು ನಿಂತಿಲ್ಲವೇ? ಕೆಗಲ್ ಶುರುಮಾಡುವ ಮುಂಚೆ ಇದನ್ನು ಓದಿ

ಮಲಬದ್ಧತೆ ಎಂದಕೂಡಲೇ ನಾರು, ನೀರು, ಇಸಬ್ಗೋಲ್ ಎನ್ನುತ್ತೇವೆ. ಬಹಳ ಜನರಿಗೆ ಅಷ್ಟು ಸಾಕು. ಆದರೆ ಕೆಲವರಿಗೆ ಮಲ ಮೆತ್ತಗಿದ್ದರೂ ಹೊರಬರುವುದಿಲ್ಲ. ಅಲ್ಲಿ ತೊಂದರೆ ಹೊಟ್ಟೆಯದ್ದಲ್ಲ, ಬಾಗಿಲಿನದ್ದು. ಅದು ಗೊತ್ತಾಗದೆ ವರ್ಷಗಟ್ಟಲೆ ದುಡ್ಡು, ಆಪರೇಷನ್ ಎರಡನ್ನೂ ಕಳೆದುಕೊಳ್ಳುವವರಿದ್ದಾರೆ.

ಇಂಥವರ ಪಾಡು ಸಾಮಾನ್ಯವಾಗಿ ಹೇಗಿರುತ್ತದೆ ಎಂದು ತೋರಿಸಲು ಒಂದು ಮಾದರಿ ತೆಗೆದುಕೊಳ್ಳೋಣ. 38ರ ಹರೆಯದ ಶಿಕ್ಷಕಿ. ಬೆಳಗ್ಗೆ ಅರ್ಧ ಗಂಟೆ ಕಕ್ಕಸಿನಲ್ಲಿ, ಆದರೂ ಪೂರ್ತಿ ಹೋಗಲಿಲ್ಲ ಎನ್ನುವ ಭಾವ. ರಾತ್ರಿ ಎರಡು ಚಮಚ ಇಸಬ್ಗೋಲ್, ಅದರಿಂದ ಹೊಟ್ಟೆಯುಬ್ಬರ ಮಾತ್ರ ಹೆಚ್ಚಾಯಿತು. ಆಮೇಲೆ ಭೇದಿ ಮಾತ್ರೆ: ನೀರಾಗಿ ಹೋಗುತ್ತದೆ, ಮಾರನೇ ದಿನ ಮತ್ತೆ ಅದೇ ಕಥೆ. ತಿಣುಕಿ ತಿಣುಕಿ ಗುದದ್ವಾರದಲ್ಲಿ ಸೀಳು ಬಿದ್ದು ಫಿಶರ್ ಆಯಿತು, ಶಸ್ತ್ರಚಿಕಿತ್ಸೆಯೂ ಆಯಿತು. ನೋವು ಹೋಯಿತು, ತಿಣುಕುವುದು ಹೋಗಲಿಲ್ಲ. ಕೊನೆಗೆ ಬೆರಳು ಹಾಕಿ ತೆಗೆಯುವ ಸ್ಥಿತಿ. ನಾಚಿಕೆಯಿಂದ ಇದನ್ನು ಯಾವ ಡಾಕ್ಟರಿಗೂ ಹೇಳಲಿಲ್ಲ. ಹೇಳಿದ್ದರೆ ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತಿತ್ತು. ಕೊಲೊನೊಸ್ಕೋಪಿ ಚೆನ್ನಾಗಿಯೇ ಬಂತು. ಅದು ಕರುಳಿನ ಒಳಮೈ ನೋಡುವ ಪರೀಕ್ಷೆ, ಸ್ನಾಯು ಸಡಿಲವಾಗುತ್ತದೋ ಇಲ್ಲವೋ ಎಂದು ಅದರಲ್ಲಿ ಕಾಣುವುದಿಲ್ಲ.

ಆಗುವುದು ಇಷ್ಟು. ಗುದನಾಳದ ಹಿಂದಿನಿಂದ ಪ್ಯೂಬೊರೆಕ್ಟಾಲಿಸ್ ಎಂಬ ಸ್ನಾಯು ಜೋಳಿಗೆಯ ಪಟ್ಟಿಯಂತೆ ಸುತ್ತಿಕೊಂಡು ಅದನ್ನು ಮುಂದಕ್ಕೆ ಎಳೆದು ಬಾಗಿಸಿ ಹಿಡಿದಿರುತ್ತದೆ. ಮಲ ತಡೆದುಕೊಳ್ಳಲು ಅದು ಬೇಕು. ಕೂತು ಒತ್ತಿದಾಗ ಈ ಪಟ್ಟಿಯೂ ಗುದದ್ವಾರದ ಬಿಗಿಯೂ ಸಡಿಲವಾಗಿ ದಾರಿ ನೇರವಾಗಬೇಕು. ಇವರಲ್ಲಿ ಅದು ಸಡಿಲವಾಗುವುದಿಲ್ಲ, ಕೆಲವರಲ್ಲಿ ಇನ್ನಷ್ಟು ಬಿಗಿಯುತ್ತದೆ. ಜೋರಾಗಿ ಒತ್ತಿದಷ್ಟೂ ಬಾಗಿಲು ಭದ್ರ. ಫಿಶರ್ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಕತ್ತರಿಸುವುದು ಗುದದ್ವಾರದ ಒಳಬಿಗಿಯ ಸ್ನಾಯುವಿನ ಸ್ವಲ್ಪ ಭಾಗ. ಈ ಪಟ್ಟಿಯ ತಂಟೆಗೇ ಅದು ಹೋಗುವುದಿಲ್ಲ.

ವಿಡಿಯೊ ನೋಡಿ ಕೆಗಲ್ ಶುರುಮಾಡುವುದು ಇಲ್ಲಿನ ಇನ್ನೊಂದು ಗುಂಡಿ. ಕೆಗಲ್ ಎಂಬ ವ್ಯಾಯಾಮ ಈ ಭಾಗದ ಸ್ನಾಯುಗಳನ್ನು ಬಿಗಿಯುವುದನ್ನು ಕಲಿಸುತ್ತದೆ. ಇವರಿಗೆ ಬೇಕಿರುವುದು ಬಿಡುವುದು.

ಪತ್ತೆಹಚ್ಚುವುದು ಕಷ್ಟವಲ್ಲ. ಡಾಕ್ಟರ್ ಗ್ಲೌಸ್ ಹಾಕಿ ಬೆರಳಿನಿಂದ ಪರೀಕ್ಷಿಸುವಾಗ "ಕಕ್ಕಸಿಗೆ ಕೂತಾಗ ಒತ್ತುವ ಹಾಗೆ ಒತ್ತಿ" ಎನ್ನಬೇಕು. ಬೆರಳು ಹಿಂಡಿದಂತಾದರೆ ಅನುಮಾನ ಗಟ್ಟಿ. ಈ ಒಂದು ಮಾತು ಹೇಳದೆ ಪೈಲ್ಸ್ ಮಾತ್ರ ನೋಡಿ ಕಳಿಸುವುದೇ ಹೆಚ್ಚು. ಮುಂದಿನದು ಬಲೂನ್ ಪರೀಕ್ಷೆ: ಗುದನಾಳದಲ್ಲಿ 50 ಮಿ.ಲೀ. ನೀರು ತುಂಬಿದ ಬಲೂನ್ ಇಟ್ಟು ಹೊರಹಾಕಲು ಹೇಳುತ್ತಾರೆ. ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಬರಬೇಕು. ಜೊತೆಗೆ ಆನೊರೆಕ್ಟಲ್ ಮ್ಯಾನೊಮೆಟ್ರಿ ಎಂಬ ಒತ್ತಡದ ಅಳತೆ. ನಮ್ಮ ಮಾದರಿಯ ಶಿಕ್ಷಕಿಗೆ ಐದು ನಿಮಿಷವಾದರೂ ಬಲೂನ್ ಬರುವುದಿಲ್ಲ, ಒತ್ತಿದಾಗ ಗುದನಾಳದ ಒತ್ತಡದ ಜೊತೆ ಗುದದ್ವಾರದ ಒತ್ತಡವೂ ಏರುತ್ತದೆ.

ಇದಕ್ಕಿರುವ ಚಿಕಿತ್ಸೆ ಬಯೋಫೀಡ್‌ಬ್ಯಾಕ್. ಅದು ಈ ಎರಡು ಒತ್ತಡಗಳನ್ನು ಗೆರೆಗಳಾಗಿ ರೋಗಿಯ ಕಣ್ಣೆದುರಿಗೇ ಇಡುತ್ತದೆ. ಸಂವೇದಕವಿರುವ ಸಣ್ಣ ನಳಿಕೆ ಒಳಗೆ, ಪರದೆ ಎದುರಿಗೆ. ಮೇಲಿನ ಗೆರೆ ಗುದನಾಳದ್ದು, ಕೆಳಗಿನದು ಗುದದ್ವಾರದ್ದು. ಒತ್ತಿದಾಗ ಮೇಲಿನದು ಏರಬೇಕು, ಕೆಳಗಿನದು ಇಳಿಯಬೇಕು. ಮೊದಲು ಹೊಟ್ಟೆಯಿಂದ ಉಸಿರಾಡುವುದನ್ನು ಕಲಿಸುತ್ತಾರೆ. ಆಮೇಲೆ ಮುಂದಕ್ಕೆ ಬಾಗಿ, ಕಾಲ ಕೆಳಗೆ ಮಣೆ ಇಟ್ಟು, ಪೂರ್ತಿ ಬಲ ಹಾಕದೆ ಅರ್ಧದಷ್ಟು ಬಲದಿಂದ ಒತ್ತುವುದು. ಹೆಚ್ಚಿನವರು ಎಡವುವುದು ಇಲ್ಲೇ: ಉಸಿರು ಬಿಗಿಹಿಡಿದು ಜೋರಾಗಿ ತಿಣುಕುತ್ತಾರೆ, ಕೆಳಗಿನ ಗೆರೆ ತಟ್ಟನೆ ಮೇಲೇರುತ್ತದೆ. ಅದನ್ನು ಕಣ್ಣಾರೆ ಕಂಡಾಗಲೇ ತಪ್ಪು ಎಲ್ಲಿದೆ ಎಂದು ಗೊತ್ತಾಗುವುದು. ಕೊನೆಗೆ ಬಲೂನ್ ಹೊರಹಾಕುವ ಅಭ್ಯಾಸ. ಮೊದಮೊದಲು ಥೆರಪಿಸ್ಟ್ ಮೆಲ್ಲಗೆ ಎಳೆದು ನೆರವಾಗುತ್ತಾರೆ. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ, ಒಟ್ಟು ನಾಲ್ಕರಿಂದ ಆರು ಸಲ. ನಡುವೆ ಮನೆಯಲ್ಲಿ ದಿನವೂ ಅಭ್ಯಾಸ, ತಿಂಡಿಯಾದ ಅರ್ಧ ಗಂಟೆಯೊಳಗೆ ಕಕ್ಕಸಿಗೆ ಹೋಗಿ ಐದೇ ನಿಮಿಷ ಕೂರುವುದು. ಬರದಿದ್ದರೆ ಎದ್ದು ಬನ್ನಿ.

2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇದೇ ತೊಂದರೆಯ 109 ಜನರನ್ನು ಎರಡು ಗುಂಪು ಮಾಡಿದ್ದರು. ಆರು ತಿಂಗಳಿಗೆ ಬಯೋಫೀಡ್‌ಬ್ಯಾಕ್ ಪಡೆದವರಲ್ಲಿ ಶೇ. 80 ಮಂದಿಗೆ ದೊಡ್ಡ ಸುಧಾರಣೆ ಕಂಡಿತು, ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಭೇದಿ ಪುಡಿ ಪಡೆದವರಲ್ಲಿ ಶೇ. 22ಕ್ಕೆ ಮಾತ್ರ. ಆದರೆ ಕರುಳಿನ ಚಲನೆಯೇ ನಿಧಾನವಿರುವವರಿಗೆ ಇದರಿಂದ ಅಷ್ಟು ಲಾಭವಿಲ್ಲ.

ಬಯೋಫೀಡ್‌ಬ್ಯಾಕ್ ಪ್ಯಾಕೇಜಿಗೆ ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ: "ನಾನು ಒತ್ತುವಾಗ ಪರದೆಯಲ್ಲಿ ನನಗೆ ಏನು ಕಾಣುತ್ತದೆ?" ಬರೀ ಕರೆಂಟ್ ಕೊಡುವ ಯಂತ್ರದ ಮುಂದೆ ಮಲಗಿಸಿದರೆ ಅದು ಬಯೋಫೀಡ್‌ಬ್ಯಾಕ್ ಅಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಇತ್ತೀಚೆಗೆ ದಿಢೀರನೆ ಬದಲಾದ ಅಭ್ಯಾಸ ಇದ್ದರೆ ಇದಾವುದೂ ಮೊದಲಲ್ಲ. ಮೊದಲು ಕರುಳಿನ ತಪಾಸಣೆ.